ಗುರುವಾರದ ರೈಲು, ಶುಕ್ರವಾರದ ಟಿಕೆಟ್: ದಾವಣಗೆರೆಯ ಒಂದು ಪ್ರಕರಣ

ದಾವಣಗೆರೆಯ ಒಂದು ಕುಟುಂಬದ ನಾಲ್ವರು ಪುಣೆಯಲ್ಲಿ ಭಾನುವಾರ ಬೆಳಿಗ್ಗೆ ನಡೆಯಲಿದ್ದ ಮದುವೆಗೆ ಹೊರಟಿದ್ದರು. ಟಿಕೆಟ್ ಖಚಿತವಾಗಿತ್ತು, ಸಾಮಾನು ಕಟ್ಟಿ ಆಗಿತ್ತು, ರೈಲು ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಅವರು ನಿಲ್ದಾಣದಲ್ಲಿದ್ದರು. ಆದರೆ ಅವರು ಕಾಯುತ್ತಿದ್ದ ರೈಲು ಸುಮಾರು ಇಪ್ಪತ್ಮೂರು ಗಂಟೆಗಳ ಹಿಂದೆಯೇ ಅದೇ ಪ್ಲಾಟ್‌ಫಾರ್ಮಿನಿಂದ ಹೊರಟುಹೋಗಿತ್ತು. ಅವರಲ್ಲಿದ್ದ ಯಾವ ಕಾಗದದಲ್ಲಿಯೂ ತಪ್ಪಿರಲಿಲ್ಲ. ಟಿಕೆಟ್ಟಿನ ದಿನಾಂಕ ಸರಿಯಾಗಿತ್ತು, ವೇಳಾಪಟ್ಟಿಯ ವಾರ ಸರಿಯಾಗಿತ್ತು, ಗಂಟೆಯೂ ಸರಿಯಾಗಿತ್ತು. ಈ ಮೂರನ್ನೂ ಕೂಡಿಸಿ ಓದಿದ ರೀತಿಯಲ್ಲಿ ದೋಷವಿತ್ತು, ಮತ್ತು ಅದು ನಡುರಾತ್ರಿ ದಾಟಿದ ಮೇಲೆ ರೈಲು ಬರುವ ಪ್ರತಿಯೊಂದು ಊರಿನಲ್ಲಿಯೂ ಆಗಬಹುದಾದ ದೋಷವಾದ್ದರಿಂದ ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ. ವೇಳೆಗಳು ಆಗಾಗ ಬದಲಾಗುತ್ತವೆಯಾದ್ದರಿಂದ ರೈಲಿನ ಹೆಸರನ್ನೂ ಪೂರ್ಣ ಸಂಖ್ಯೆಯನ್ನೂ ಬಿಟ್ಟು, ಗಂಟೆ ನಿಮಿಷಗಳನ್ನು ಉದಾಹರಣೆಗೆ ತಕ್ಕಷ್ಟು ಸರಳಗೊಳಿಸಿದ್ದೇನೆ. ಇವನ್ನು ನೋಡಿ ಯಾರೂ ಪ್ರಯಾಣ ನಿಶ್ಚಯಿಸಬಾರದು.

ರೈಲು ಬೆಂಗಳೂರಿನಿಂದ ಹೊರಟು ಅರಸೀಕೆರೆ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಮೀರಜ್ ದಾರಿಯಲ್ಲಿ ಪುಣೆಗೆ, ಅಲ್ಲಿಂದ ಮುಂದೆ ರಾಜಸ್ಥಾನದ ಒಂದು ಊರಿಗೆ ಹೋಗುವ ವಾರಕ್ಕೊಮ್ಮೆಯ ಎಕ್ಸ್‌ಪ್ರೆಸ್. ವೇಳಾಪಟ್ಟಿಯಲ್ಲಿ ಓಡುವ ದಿನ ಎಂಬಲ್ಲಿ ‘ಗುರು’ ಎಂದಿತ್ತು. ನಮಗೆ ಬೇಕಾದ ಸಾಲುಗಳು ಹೀಗಿದ್ದವು:

ಬೆಂಗಳೂರು: ಆಗಮನ ಇಲ್ಲ, ನಿರ್ಗಮನ 21:15, ದಿನ 1
ಅರಸೀಕೆರೆ: ಆಗಮನ 23:50, ನಿರ್ಗಮನ 23:55, ದಿನ 1
ಬೀರೂರು: ಆಗಮನ 00:28, ನಿರ್ಗಮನ 00:30, ದಿನ 2
ದಾವಣಗೆರೆ: ಆಗಮನ 02:05, ನಿರ್ಗಮನ 02:07, ದಿನ 2
ಹುಬ್ಬಳ್ಳಿ: ಆಗಮನ 04:50, ನಿರ್ಗಮನ 05:00, ದಿನ 2
ಪುಣೆ: ಆಗಮನ 15:40, ನಿರ್ಗಮನ 15:45, ದಿನ 2

ಆ ವಾರ ಗುರುವಾರ 12ನೇ ತಾರೀಖು, ಶುಕ್ರವಾರ 13, ಶನಿವಾರ 14, ಮದುವೆಯ ಭಾನುವಾರ 15. ಟಿಕೆಟ್ ತೆಗೆದವನು ಬೆಂಗಳೂರಿನಲ್ಲಿರುವ ಅಣ್ಣನ ಮಗ. ಅವನು ದಾವಣಗೆರೆಯಿಂದ ಪುಣೆಗೆ ಎಂದು ಹುಡುಕಿ, 13ನೇ ತಾರೀಖಿನ ಟಿಕೆಟ್ ಪಡೆದು, ಫೋನಿನಲ್ಲಿ ಹೇಳಿದ ಮಾತು ಇದು: “ಚಿಕ್ಕಪ್ಪ, ಟಿಕೆಟ್ ಆಗಿದೆ. ಶುಕ್ರವಾರ ರಾತ್ರಿ ಎರಡು ಗಂಟೆಗೆ ರೈಲು. ನೀವು ಒಂದು ಗಂಟೆಗೆಲ್ಲ ಸ್ಟೇಷನ್ನಿಗೆ ಹೋಗಿಬಿಡಿ.” ಟಿಕೆಟ್ಟಿನಲ್ಲಿ ನಿರ್ಗಮನ 13ನೇ ತಾರೀಖು 02:07 ಎಂದು ಸ್ಪಷ್ಟವಾಗಿತ್ತು. ಮನೆಯವರು ಶುಕ್ರವಾರ ಇಡೀ ದಿನ ಮನೆಯಲ್ಲಿದ್ದು, ರಾತ್ರಿ ಊಟ ಮುಗಿಸಿ, ಒಂದು ಗಂಟೆಗೆ ನಿಲ್ದಾಣ ತಲುಪಿದರು. ಆಗ ಗಡಿಯಾರ ತೋರಿಸುತ್ತಿದ್ದುದು 14ನೇ ತಾರೀಖಿನ 01:00.

ನಾವು ದಿನವನ್ನು ಎಣಿಸುವ ರೀತಿಗೂ ರೈಲ್ವೆ ಎಣಿಸುವ ರೀತಿಗೂ ಇರುವ ಅಂತರ ಇಲ್ಲಿ ಸಿಕ್ಕಿಬೀಳುತ್ತದೆ. ಮಲಗಿ ಏಳುವ ತನಕ ನಮಗೆ ಅದೇ ರಾತ್ರಿ, ಅದೇ ವಾರ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿದ್ದವರು ಯಾರೂ ‘ಇದು ಮರುದಿನ’ ಎಂದು ಹೇಳುವುದಿಲ್ಲ. ಪಂಚಾಂಗದಲ್ಲಂತೂ ವಾರ ಸೂರ್ಯೋದಯಕ್ಕೆ ಬದಲಾಗುತ್ತದೆ. ರೈಲ್ವೆಯ ದಿನವಾದರೋ 00:00ಕ್ಕೆ ಆರಂಭವಾಗಿ 23:59ಕ್ಕೆ ಮುಗಿಯುತ್ತದೆ. ಆದ್ದರಿಂದ 13ನೇ ತಾರೀಖಿನ 02:07 ಎಂದರೆ ಶುಕ್ರವಾರ ಆರಂಭವಾಗಿ ಎರಡು ಗಂಟೆ ಏಳು ನಿಮಿಷವಷ್ಟೇ ಆದ ಹೊತ್ತು, ಅಂದರೆ ಮನೆಮಾತಿನಲ್ಲಿ ಗುರುವಾರ ರಾತ್ರಿ. ಹುಡುಗ ತಾರೀಖನ್ನು ಟಿಕೆಟ್ಟಿನಿಂದಲೂ ‘ರಾತ್ರಿ’ ಎಂಬ ಮಾತನ್ನು ಮನೆಯ ರೂಢಿಯಿಂದಲೂ ತೆಗೆದುಕೊಂಡು ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿದ. ‘ಗುರುವಾರ ರಾತ್ರಿ ಮಲಗಬೇಡಿ, ಅಂದೇ ಹೊರಡಬೇಕು’ ಎಂದಿದ್ದರೆ ಸಾಕಾಗುತ್ತಿತ್ತು.

ವೇಳಾಪಟ್ಟಿಯಲ್ಲಿನ ‘ಗುರು’ ಎಂಬ ಗುರುತು ಈ ತಪ್ಪನ್ನು ಹಿಡಿಯಬಹುದಾಗಿದ್ದ ಮೊದಲ ಕಡೆ. ಚಿಕ್ಕಪ್ಪನವರು ಅದನ್ನು ನೋಡಿಯೂ ಇದ್ದರು. ರೈಲು ಗುರುವಾರದ್ದು, ಟಿಕೆಟ್ ಶುಕ್ರವಾರದ್ದು, ಇದೇನು ಎಂದು ಅವರಿಗೆ ಅನುಮಾನ ಬಂದದ್ದು ನ್ಯಾಯವೇ. ಆದರೆ ಟಿಕೆಟ್ಟಿನ ತಾರೀಖೇ ಕೊನೆಯ ಮಾತು ಎಂದುಕೊಂಡು ಅವರು ಆ ಅನುಮಾನವನ್ನು ಬಿಟ್ಟುಬಿಟ್ಟರು. ನಿಜದಲ್ಲಿ ಎರಡರ ನಡುವೆ ವಿರೋಧವೇ ಇರಲಿಲ್ಲ. ಓಡುವ ದಿನಗಳನ್ನು ವೇಳಾಪಟ್ಟಿಯಲ್ಲಿ ಬರೆಯುವುದು ರೈಲು ಹೊರಡುವ ಮೂಲ ನಿಲ್ದಾಣಕ್ಕೆ ಅನ್ವಯಿಸಿ. ಗುರುವಾರ ಎಂದರೆ ಬೆಂಗಳೂರಿನಲ್ಲಿ ಗುರುವಾರ. ದಾವಣಗೆರೆಯಲ್ಲಿ ಅದು ಯಾವ ವಾರ ಎಂಬುದನ್ನು ಓದುಗನೇ ‘ದಿನ’ದ ಅಂಕಣದಿಂದ ಲೆಕ್ಕ ಹಾಕಬೇಕು. ದಿನ 1 ಎಂದಿದ್ದರೆ ಅದೇ ವಾರ, ದಿನ 2 ಎಂದಿದ್ದರೆ ಮರುದಿನ, ದಿನ 3 ಎಂದಿದ್ದರೆ ಅದರ ಮರುದಿನ. ಒಂದೇ ರೈಲು ಅರಸೀಕೆರೆಯವರಿಗೆ ಗುರುವಾರದ ರೈಲು, ಅಲ್ಲಿಂದ ಅರ್ಧ ಗಂಟೆ ಮುಂದಿರುವ ಬೀರೂರಿನವರಿಗೆ ಶುಕ್ರವಾರದ ರೈಲು. ಈ ಲೆಕ್ಕ ಹಾಕಿದ್ದರೆ ಗುರುವಾರ ರಾತ್ರಿ 21:15ಕ್ಕೆ ಬೆಂಗಳೂರು ಬಿಟ್ಟ ಗಾಡಿ ದಾವಣಗೆರೆಗೆ ಬರಲು ಇಪ್ಪತ್ತೊಂಬತ್ತು ಗಂಟೆ ಹಿಡಿಯಲಾರದು ಎಂಬುದು ತಾನಾಗಿಯೇ ಹೊಳೆಯುತ್ತಿತ್ತು. ಕೆಲವು ಆ್ಯಪ್‌ಗಳು ಮಾತ್ರ ಈ ಲೆಕ್ಕವನ್ನು ತಾವೇ ಮಾಡಿ, ನಾವು ಹತ್ತುವ ಊರಿನ ವಾರವನ್ನು ತೋರಿಸುತ್ತವೆ. ಆದ್ದರಿಂದ ಅಲ್ಲಿ ಕಾಣುವ ವಾರಕ್ಕೆ ಮತ್ತೊಂದು ದಿನ ಕೂಡಿಸುವ ಮೊದಲು ಅದು ಯಾವ ನಿಲ್ದಾಣದ ವಾರ ಎಂದು ನೋಡಿಕೊಳ್ಳಬೇಕು. ಖಚಿತವಾಗದಿದ್ದರೆ ಮೂಲ ನಿಲ್ದಾಣದಿಂದ ಪೂರ್ತಿ ಸಾಲುಗಳಿರುವ ಪಟ್ಟಿಯನ್ನು ತೆರೆದು ಮೇಲಿನಿಂದ ಇಳಿದುಬರುವುದೇ ಒಳ್ಳೆಯದು.

ಎರಡನೆಯ ಸುಳಿವು ಗುರುವಾರ ಬೆಳಿಗ್ಗೆಯೇ ಸಿಕ್ಕಿತ್ತು. ನಾಲ್ವರ ಜೊತೆಗೆ ಕೊನೆಯ ಗಳಿಗೆಯಲ್ಲಿ ಸೋದರಮಾವನೂ ಬರುತ್ತೇನೆಂದಾಗ ಹುಡುಗ ಸ್ಲೀಪರ್ ದರ್ಜೆಯಲ್ಲಿ ತತ್ಕಾಲ್ ಟಿಕೆಟ್ಟಿಗೆ ಪ್ರಯತ್ನಿಸಿದ. ಪ್ರಯಾಣ ಶುಕ್ರವಾರ, ಹಾಗಾಗಿ ತತ್ಕಾಲ್ ತೆರೆಯುವುದು ಗುರುವಾರ ಹನ್ನೊಂದು ಗಂಟೆಗೆ ಎಂದು ಅವನ ಲೆಕ್ಕ. ಹನ್ನೊಂದಕ್ಕೆ ಸರಿಯಾಗಿ ನೋಡಿದಾಗ ಸೀಟುಗಳೆಲ್ಲ ಮುಗಿದು ವೇಟಿಂಗ್ ಲಿಸ್ಟ್ ಕಾಣಿಸಿತು. ಬೇಡಿಕೆ ಹೆಚ್ಚಿದೆ ಎಂದುಕೊಂಡು ಸುಮ್ಮನಾದ. ತತ್ಕಾಲ್ ಬುಕಿಂಗ್ ತೆರೆಯುವುದು ರೈಲು ತನ್ನ ಮೂಲ ನಿಲ್ದಾಣದಿಂದ ಹೊರಡುವ ದಿನದ ಹಿಂದಿನ ದಿನ. ಎಸಿ ದರ್ಜೆಗಳಿಗೆ ಬೆಳಿಗ್ಗೆ ಹತ್ತಕ್ಕೆ, ಎಸಿಯಲ್ಲದ ದರ್ಜೆಗಳಿಗೆ ಹನ್ನೊಂದಕ್ಕೆ. ಈ ರೈಲು ಗುರುವಾರ ಹೊರಡುವುದರಿಂದ ದಾವಣಗೆರೆಯಿಂದ ಶುಕ್ರವಾರ ಹತ್ತುವವರಿಗೂ ತತ್ಕಾಲ್ ತೆರೆದದ್ದು ಬುಧವಾರ. ಅವನು ಹೋದದ್ದು ಒಂದು ಪೂರ್ತಿ ದಿನ ತಡವಾಗಿ. ಹನ್ನೊಂದು ಗಂಟೆಯ ಮೊದಲ ನಿಮಿಷದಲ್ಲೇ ಕೋಟಾ ಖಾಲಿಯಾಗಿರುವುದು ಬೇಡಿಕೆಯ ಲಕ್ಷಣವೇ ಆಗಿರಬೇಕಿಲ್ಲ, ದಿನ ತಪ್ಪಿದುದರ ಲಕ್ಷಣವೂ ಆಗಿರಬಹುದು. ಅಂದೇ ಇದನ್ನು ಯಾರಾದರೂ ಬಿಡಿಸಿ ಹೇಳಿದ್ದರೆ ‘ರೈಲು ಇವತ್ತೇ ಹೊರಡುತ್ತದೆ’ ಎಂಬುದು ಮನೆಗೆ ಗೊತ್ತಾಗುತ್ತಿತ್ತು, ಮತ್ತು ಆಗ ಇನ್ನೂ ಹದಿನೈದು ಗಂಟೆಗಳ ಕಾಲಾವಕಾಶವಿತ್ತು. ಸಾಮಾನ್ಯ ಮುಂಗಡ ಬುಕಿಂಗಿಗೂ ಇದೇ ಎಣಿಕೆ: 2024ರ ನವೆಂಬರ್ 1ರಿಂದ ಜಾರಿಯಲ್ಲಿರುವ 60 ದಿನಗಳ ಅವಧಿಯನ್ನು ಮೂಲ ನಿಲ್ದಾಣದ ತಾರೀಖಿನಿಂದಲೇ ಲೆಕ್ಕ ಹಾಕುತ್ತಾರೆ.

ಶುಕ್ರವಾರ ಸಂಜೆಯ ಹೊತ್ತಿಗೆ ರೈಲು ಹೋಗಿಯಾಗಿತ್ತು, ಆದರೆ ತಪ್ಪನ್ನು ಅರಿಯುವ ಕಡೆಯ ಅವಕಾಶವೂ ಒಂದು ವಿಚಿತ್ರ ರೀತಿಯಲ್ಲಿ ಕೈತಪ್ಪಿತು. ಪಕ್ಕದ ಮನೆಯವರು ರೈಲು ಸರಿಯಾದ ಸಮಯಕ್ಕೆ ಓಡುತ್ತಿದೆಯೇ ಎಂದು ತಮ್ಮ ಫೋನಿನಲ್ಲಿ ನೋಡಿ ಹೇಳಿದರು. ಅವರು ಹುಡುಕಿದ್ದು ರೈಲಿನ ಹೆಸರಿನಿಂದ. ಪರದೆಯಲ್ಲಿ ಒಂದೇ ಹೆಸರಿನ ಎರಡು ಸಾಲುಗಳು ಬಂದಾಗ ಆಗ ಓಡುತ್ತಿದ್ದುದನ್ನು ಒತ್ತಿದರು. “ದಾವಣಗೆರೆಗೆ ಒಂದು ಐವತ್ತಕ್ಕೆ ಬರುತ್ತದೆ, ಒಂದು ಐವತ್ತೆರಡಕ್ಕೆ ಬಿಡುತ್ತದೆ, ತಡವಿಲ್ಲ” ಎಂದರು. ಮನೆಯವರಿಗೆ ನೆಮ್ಮದಿಯಾಯಿತು. ಆದರೆ ಅದು ರಾಜಸ್ಥಾನದಿಂದ ಬೆಂಗಳೂರಿಗೆ ಮರಳುತ್ತಿದ್ದ ಜೋಡಿ ರೈಲು.

ನಮ್ಮಲ್ಲಿ ರೈಲಿನ ಹೆಸರು ಎರಡೂ ದಿಕ್ಕಿಗೆ ಒಂದೇ. ಸಂಖ್ಯೆ ಮಾತ್ರ ಬೇರೆ. ಹೋಗುವ ಮತ್ತು ಬರುವ ಗಾಡಿಗಳಿಗೆ ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಸಂಖ್ಯೆಗಳನ್ನು ಕೊಟ್ಟಿರುತ್ತಾರೆ. ಕರ್ನಾಟಕ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ನವದೆಹಲಿಗೆ ಹೋಗುವಾಗ 12627, ಬರುವಾಗ 12628. ನಮ್ಮ ಪ್ರಕರಣದ ರೈಲಿನ ಸಂಖ್ಯೆ 16ರಿಂದ ಆರಂಭವಾಗಿ ಹೋಗುವಾಗ 1ರಿಂದಲೂ ಬರುವಾಗ 2ರಿಂದಲೂ ಮುಗಿಯುತ್ತಿತ್ತು ಎಂದಿಟ್ಟುಕೊಳ್ಳೋಣ. ಟಿಕೆಟ್ಟಿನಲ್ಲಿ ಕೊನೆಯ ಅಂಕಿ 1, ಪಕ್ಕದ ಮನೆಯವರ ಪರದೆಯಲ್ಲಿ 2. ಐದು ಅಂಕಿಗಳಲ್ಲಿ ನಾಲ್ಕು ಒಂದೇ ಆಗಿರುವಾಗ ಕಣ್ಣು ಕೊನೆಯದನ್ನು ಹಾಯ್ದು ಹೋಗುವುದು ಸಹಜ. ಬೆಸವೆಂದರೆ ಹೋಗುವುದು, ಸಮವೆಂದರೆ ಬರುವುದು ಎಂಬ ಊಹೆಯನ್ನೂ ನಂಬುವಂತಿಲ್ಲ, ಏಕೆಂದರೆ ಒಬ್ಬರಿಗೆ ಹೋಗುವ ದಿಕ್ಕು ಇನ್ನೊಬ್ಬರಿಗೆ ಬರುವ ದಿಕ್ಕು. ಸಂಖ್ಯೆಯ ಜೊತೆಗೆ ‘ಎಲ್ಲಿಂದ, ಎಲ್ಲಿಗೆ’ ಎಂಬುದನ್ನು ಓದಿಕೊಳ್ಳುವುದೊಂದೇ ದಾರಿ.

ಉಳಿದ ಅಂಕಿಗಳೂ ಏನನ್ನೋ ಹೇಳುತ್ತವೆ, ಆದರೆ ಮಿತಿಯೊಳಗೆ. 2010ರ ಡಿಸೆಂಬರಿನಲ್ಲಿ ನಾಲ್ಕು ಅಂಕಿಗಳ ಸಂಖ್ಯೆಗಳು ಐದು ಅಂಕಿಗಳಾದವು. ಮೊದಲ ಅಂಕಿ 1 ಅಥವಾ 2 ಆಗಿದ್ದರೆ ಅದು ದೂರದ ಊರುಗಳ ನಡುವೆ ನಿತ್ಯದ ಪಟ್ಟಿಯಲ್ಲಿ ಓಡುವ ಗಾಡಿ. 0 ಆಗಿದ್ದರೆ ಹಬ್ಬ, ರಜೆಗಳಲ್ಲಿ ಬಿಡುವಂಥ ವಿಶೇಷ ಗಾಡಿ. 5 ಪ್ಯಾಸೆಂಜರ್, 6 ಮೆಮು, 7 ಡೆಮು. ಸಂಖ್ಯೆ 16ರಿಂದ ಆರಂಭವಾದರೆ ಸಾಮಾನ್ಯವಾಗಿ ದಕ್ಷಿಣ ಅಥವಾ ನೈಋತ್ಯ ರೈಲ್ವೆಯ ಗುಂಪಿಗೆ ಸೇರಿದ್ದು ಎಂದು ತಿಳಿಯಬಹುದು. 12 ಅಥವಾ 22ರಿಂದ ಆರಂಭವಾದರೆ ಸೂಪರ್‌ಫಾಸ್ಟ್. ಇಷ್ಟೆಲ್ಲ ಹೇಳುವ ಸಂಖ್ಯೆ ರೈಲು ಯಾವ ವಾರ ಓಡುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಪ್ರಯಾಣಿಕನಿಗೆ ಸಂಖ್ಯೆಯ ಮುಖ್ಯ ಉಪಯೋಗ ಗುರುತು ಹಿಡಿಯುವುದು: ಟಿಕೆಟ್, ವೇಳಾಪಟ್ಟಿ, ನಿಲ್ದಾಣದ ಫಲಕ, ಬೋಗಿಯ ಮೇಲಿನ ಬೋರ್ಡು ಇವೆಲ್ಲ ಒಂದೇ ಗಾಡಿಯ ಬಗ್ಗೆ ಮಾತಾಡುತ್ತಿವೆಯೇ ಎಂದು ತಾಳೆ ನೋಡುವುದು.

ಪಕ್ಕದ ಮನೆಯವರು ಹೇಳಿದ ಗಂಟೆಯಲ್ಲಿಯೇ ತಪ್ಪು ಹಿಡಿಯುವ ದಾರಿಯೂ ಇತ್ತು, ಮತ್ತು ಅದಕ್ಕೆ ಆಗಮನ ನಿರ್ಗಮನಗಳ ವ್ಯತ್ಯಾಸ ತಿಳಿದಿರಬೇಕಿತ್ತು. ವೇಳಾಪಟ್ಟಿಯಲ್ಲಿ 02:05 ಎಂದೂ ಟಿಕೆಟ್ಟಿನಲ್ಲಿ 02:07 ಎಂದೂ ಇರುವುದನ್ನು ಮನೆಯವರು ಮೊದಲೇ ಗಮನಿಸಿ, ರೈಲ್ವೆಯ ಸಮಯಗಳು ಐದು ಹತ್ತು ನಿಮಿಷ ಆಚೀಚೆ ಇರುತ್ತವೆ ಎಂದು ತೀರ್ಮಾನಿಸಿದ್ದರು. ಅದೇ ತೀರ್ಮಾನ 01:52ನ್ನೂ ನುಂಗಿಕೊಂಡಿತು. ನಿಜವಾಗಿ 02:05 ಮತ್ತು 02:07 ಆಚೀಚೆಯ ಸಮಯಗಳಲ್ಲ. ಎರಡೂ ಬೇರೆ ಬೇರೆ ಘಟನೆಗಳು. ಮೊದಲನೆಯದು ಗಾಡಿ ಬಂದು ನಿಲ್ಲುವ ಹೊತ್ತು, ಎರಡನೆಯದು ಚಲಿಸುವ ಹೊತ್ತು, ನಡುವಿನ ಎರಡು ನಿಮಿಷ ನಿಲುಗಡೆ. ಟಿಕೆಟ್ಟಿನಲ್ಲಿ ಹತ್ತುವ ಊರಿಗೆ ನಿರ್ಗಮನವನ್ನೂ ಇಳಿಯುವ ಊರಿಗೆ ಆಗಮನವನ್ನೂ ಕೊಡುತ್ತಾರೆ. ಆದ್ದರಿಂದ ತಾಳೆ ನೋಡುವಾಗ ನಿರ್ಗಮನವನ್ನು ನಿರ್ಗಮನದೊಂದಿಗೇ ಹೋಲಿಸಬೇಕು. ಹಾಗೆ ಹೋಲಿಸಿದರೆ ಒಂದೇ ಸಂಖ್ಯೆಯ ರೈಲಿಗೆ ವೇಳಾಪಟ್ಟಿ ಬದಲಾಗದ ಹೊರತು ಒಂದು ನಿಮಿಷದ ಅಂತರವೂ ಇರಬಾರದು. 02:07 ಮತ್ತು 01:52ರ ನಡುವಿನ ಹದಿನೈದು ನಿಮಿಷ, ಇದು ಬೇರೆ ಗಾಡಿ ಎಂದು ಕೂಗಿ ಹೇಳುತ್ತಿತ್ತು. ಪ್ರಯಾಣಿಕರ ಗಾಡಿ ನಿಲ್ದಾಣಕ್ಕೆ ಮುಂಚಿತವಾಗಿ ಬರಬಹುದು, ಆದರೆ ನಿಗದಿಯಾದ ನಿರ್ಗಮನಕ್ಕಿಂತ ಮೊದಲು ಬಿಡುವುದಿಲ್ಲ. ಸಮಯ ಆಗುವ ತನಕ ಅಲ್ಲೇ ನಿಂತಿರುತ್ತದೆ. 02:07ರ ರೈಲು 01:52ಕ್ಕೆ ಹೊರಡುತ್ತದೆ ಎಂದು ಯಾವ ಪರದೆಯಾದರೂ ತೋರಿಸಿದರೆ ಮೊದಲು ಅನುಮಾನಿಸಬೇಕಾದದ್ದು ಸಂಖ್ಯೆಯನ್ನು.

ಇದರ ಜೊತೆಗೆ ಇನ್ನೊಂದು ತೊಡಕು ಸೇರಿಕೊಂಡಿತ್ತು. ಮರಳುವ ರೈಲಿನ ಓಡುವ ದಿನವೂ ‘ಗುರು’ವೇ. ಅದು ರಾಜಸ್ಥಾನದ ತನ್ನ ಮೂಲ ಊರಿನಿಂದ ಗುರುವಾರ ಬೆಳಿಗ್ಗೆ ಹೊರಟು, ಎರಡನೆಯ ದಿನ ಶುಕ್ರವಾರ ಪುಣೆ ದಾಟಿ, ಮೂರನೆಯ ದಿನ ಶನಿವಾರ 01:50ಕ್ಕೆ ದಾವಣಗೆರೆಗೆ ಬರುತ್ತದೆ. ಎರಡೂ ಗಾಡಿಗಳ ಮುಂದೆ ಗುರುವಾರವೆಂದೇ ಬರೆದಿದ್ದರೂ ದಾವಣಗೆರೆಯಲ್ಲಿ ಒಂದು ಶುಕ್ರವಾರದ್ದು, ಇನ್ನೊಂದು ಶನಿವಾರದ್ದು. ಹೀಗೆ ತಪ್ಪು ಸಂಖ್ಯೆಯ ರೈಲು ತಪ್ಪಾಗಿ ಓದಿದ ದಿನಕ್ಕೆ ಸರಿಹೊಂದಿ, ಮನೆಯವರ ತಿಳಿವಳಿಕೆಗೆ ಸಾಕ್ಷಿ ಹೇಳಿದಂತಾಯಿತು.

ಶನಿವಾರ 01:50ಕ್ಕೆ ಆ ಗಾಡಿ ಬಂದೇಬಿಟ್ಟಿತು. ಬೋಗಿಯ ಬೋರ್ಡಿನಲ್ಲಿ ಎರಡೂ ತುದಿಯ ಊರುಗಳ ಹೆಸರಿತ್ತು, ರೈಲಿನ ಹೆಸರೂ ಅದೇ. ಎರಡು ನಿಮಿಷದ ನಿಲುಗಡೆಯಲ್ಲಿ ಸಾಮಾನು ಏರಿಸಲು ಹೊರಟವರನ್ನು ಬಾಗಿಲಲ್ಲಿದ್ದ ಟಿಟಿಇ ತಡೆದು ಟಿಕೆಟ್ ಕೇಳಿದರು. “ಇದು ಬೆಂಗಳೂರಿಗೆ ಹೋಗುವ ಗಾಡಿ ಯಜಮಾನರೇ. ನಿಮ್ಮ ಗಾಡಿ ನಿನ್ನೆ ಹೋಯಿತು, ಈಗ ಪುಣೆ ದಾಟಿ ಹತ್ತು ಗಂಟೆ ಆಗಿದೆ” ಎಂದರು. ಅವರು ತಡೆಯದಿದ್ದರೆ ಕುಟುಂಬ ಮದುವೆಯ ಊರಿಗೆ ಬೆನ್ನು ಹಾಕಿ ಬೆಳಗಾಗುವಷ್ಟರಲ್ಲಿ ಬೆಂಗಳೂರಿನ ಹತ್ತಿರ ಇರುತ್ತಿತ್ತು. ಖಚಿತ ಟಿಕೆಟ್ ಇಟ್ಟುಕೊಂಡು ಪ್ರಯಾಣಿಕರೇ ಬಾರದಿದ್ದ ಕಾರಣ ಹಣ ಹಿಂತಿರುಗುವ ಪ್ರಶ್ನೆ ಇರಲಿಲ್ಲ. ಬೆಳಿಗ್ಗೆ ಬಸ್ಸು ಹಿಡಿದು, ಹೆದ್ದಾರಿಯಲ್ಲಿ ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ ದಾಟಿ, ಶನಿವಾರ ರಾತ್ರಿ ಹೊತ್ತಿಗೆ ಪುಣೆ ಸೇರಿದರು. ಮುಹೂರ್ತ ತಪ್ಪಲಿಲ್ಲ.

ಈ ಪ್ರಕರಣದಲ್ಲಿ ಮೂರು ಕಡೆ ತಪ್ಪನ್ನು ಹಿಡಿಯಬಹುದಿತ್ತು, ಮೂರೂ ಕಡೆ ಅದು ಸಿಕ್ಕಿಬೀಳಲಿಲ್ಲ. ನನ್ನ ಅಭಿಪ್ರಾಯದಲ್ಲಿ ಇವುಗಳಲ್ಲಿ ಅತಿ ದುರ್ಬಲ ಕೊಂಡಿ ವೇಳಾಪಟ್ಟಿಯದಲ್ಲ, ಅದನ್ನು ಬಾಯಿಮಾತಿನಲ್ಲಿ ದಾಟಿಸಿದ ಕ್ರಮ. ನಡುರಾತ್ರಿಯಿಂದ ಬೆಳಗಿನ ಜಾವ ನಾಲ್ಕರ ತನಕದ ಯಾವ ರೈಲಿನ ವಿಷಯವನ್ನಾದರೂ ಹೇಳುವಾಗ ಎರಡು ವಾರಗಳನ್ನೂ ಹೆಸರಿಸಿ ಹೇಳಬೇಕು: “ಗುರುವಾರ ರಾತ್ರಿ ಊಟ ಮಾಡಿ ಹೊರಡಿ, ಗಡಿಯಾರದಲ್ಲಿ ಶುಕ್ರವಾರ ಆಗಿರುತ್ತದೆ, 02:07ಕ್ಕೆ ರೈಲು.” ವಾಕ್ಯ ಉದ್ದವಾಯಿತು ಎನ್ನಿಸಬಹುದು, ಆದರೆ ಇದನ್ನು ಎರಡು ರೀತಿಯಲ್ಲಿ ತಿಳಿಯಲು ಆಗುವುದಿಲ್ಲ. ಪ್ರತಿದಿನ ಓಡುವ ರೈಲಿಗೂ ಇದು ಅಗತ್ಯ. ವಾರ ತಪ್ಪಿದರೂ ಅಂಥ ರೈಲು ಮರುದಿನ ಅದೇ ಹೊತ್ತಿಗೆ, ಅದೇ ಸಂಖ್ಯೆಯೊಂದಿಗೆ, ಅದೇ ದಿಕ್ಕಿಗೆ ಬರುತ್ತದೆ. ಆಗ ಜನ ನಿಶ್ಚಿಂತೆಯಿಂದ ಹತ್ತಿಬಿಡುತ್ತಾರೆ, ತಮ್ಮ ಬರ್ತಿನಲ್ಲಿ ಆ ದಿನದ ಟಿಕೆಟ್ ಇರುವ ಬೇರೆಯವರು ಮಲಗಿರುವುದನ್ನು ಕಂಡ ಮೇಲಷ್ಟೇ ತಾರೀಖು ನೋಡುತ್ತಾರೆ.

ಮದುವೆ ಮುಗಿದ ಮೇಲೆ ಕುಟುಂಬ ಆ ವಾರವೆಲ್ಲ ಪುಣೆಯಲ್ಲೇ ಉಳಿದು, ಕೊನೆಯ ಅಂಕಿ 2 ಇರುವ ಅದೇ ರೈಲಿನಲ್ಲಿ ಮರಳಿತು. ಈ ಬಾರಿ ಚಿಕ್ಕಪ್ಪನವರು ಪಟ್ಟಿಯನ್ನು ಮೂಲ ನಿಲ್ದಾಣದಿಂದಲೇ ಓದಿದರು: ಹೊರಡುವುದು ಗುರುವಾರ 19, ಪುಣೆಯಲ್ಲಿ ಎರಡನೆಯ ದಿನವಾದ್ದರಿಂದ ಶುಕ್ರವಾರ 20, ಅಲ್ಲಿ ನಿರ್ಗಮನ 11:05, ದಾವಣಗೆರೆಯಲ್ಲಿ ಮೂರನೆಯ ದಿನ, ಶನಿವಾರ 21, ಆಗಮನ 01:50. ಇಳಿಯುವವರಿಗೆ ಬೇಕಾದದ್ದು ಆಗಮನದ ಹೊತ್ತು. ನಿಲುಗಡೆ ಎರಡೇ ನಿಮಿಷವಾದ್ದರಿಂದ ಗಾಡಿ ಹರಿಹರದ ಹತ್ತಿರ ತುಂಗಭದ್ರೆಯ ಸೇತುವೆ ದಾಟುವಾಗಲೇ ಸಾಮಾನು ಬಾಗಿಲ ಬಳಿ ತಂದಿಡಬೇಕೆಂದು ಮೊದಲೇ ನಿಶ್ಚಯಿಸಿಕೊಂಡರು. ಪರಿಚಯದ ಆಟೋದವನಿಗೆ ಫೋನ್ ಮಾಡಿದಾಗ ಅವರು ಹೇಳಿದ್ದು ಹೀಗೆ: “ಶುಕ್ರವಾರ ರಾತ್ರಿ ಮಲಗಬೇಡಪ್ಪ, ಹನ್ನೆರಡು ಹೊಡೆದು ಶನಿವಾರ ಆದ ಮೇಲೆ ಒಂದೂವರೆಗೆ ಸ್ಟೇಷನ್ ಹತ್ತಿರ ಬಂದಿರು.”